ಮೂವರಿಗೂ 541 ಅಂಕ: ಸೀಟು ಯಾರಿಗೆ?

ನಾನು ಪದವಿ ಕಾಲೇಜೊಂದರಲ್ಲಿ ಕಾಮರ್ಸ್ ಉಪನ್ಯಾಸಕಿ. ಬಿ.ಕಾಂ. ಪ್ರವೇಶದ ಮೆರಿಟ್ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಪಿಯುಸಿ ಅಂಕದ ಮೇಲೆ ಸಾಲಾಗಿ ಜೋಡಿಸಿದರೆ ಮುಗೀತು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ತಲೆನೋವು ಇರುವುದು ಸಮ ಅಂಕದವರಲ್ಲಿ. ಅದರಲ್ಲೂ ಪಟ್ಟಿ ಎಲ್ಲಿ ಕತ್ತರಿಸುತ್ತದೋ ಆ ಗೆರೆಯ ಮೇಲೆ ನಿಂತವರಲ್ಲಿ. ಮೇಲಿನ ಹತ್ತು ಹದಿನೈದು ಜನರಲ್ಲಿ ಯಾರು ಮುಂದೆ ಯಾರು ಹಿಂದೆ ಅಂತ ಯಾರೂ ಕೇಳುವುದಿಲ್ಲ, ಅವರಿಗೆಲ್ಲ ಸೀಟು ಇದ್ದೇ ಇದೆ.

ನಮ್ಮ ನಿಯಮ ಹೀಗಿದೆ. ಒಟ್ಟು ಅಂಕ ಸಮ ಆದರೆ ಅಕೌಂಟೆನ್ಸಿ ಅಂಕ. ಅದೂ ಸಮ ಆದರೆ ವಯಸ್ಸಿನಲ್ಲಿ ದೊಡ್ಡವರು ಮುಂದೆ. ಅದೂ ಒಂದೇ ಆದರೆ ಅರ್ಜಿ ಮೊದಲು ಸಲ್ಲಿಸಿದವರು. ಈ ಕ್ರಮ ಪ್ರವೇಶ ಪ್ರಕಟಣೆಯಲ್ಲೇ ಅಚ್ಚಾಗಿರಬೇಕು. ಅರ್ಜಿಗಳು ಬಂದ ಮೇಲೆ ನಿಯಮ ಬರೆದರೆ, ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದ ಹಾಗೆಯೇ ಕಾಣುತ್ತದೆ.

ಅಕೌಂಟೆನ್ಸಿಯೇ ಯಾಕೆ? ಎಸ್‌ಇಬಿಎ ಓದಿದವರಿಗೆ ಸ್ಟ್ಯಾಟಿಸ್ಟಿಕ್ಸ್ ಇರುತ್ತದೆ, ಸಿಇಬಿಎ ಓದಿದವರಿಗೆ ಕಂಪ್ಯೂಟರ್ ಸೈನ್ಸ್, ಎಚ್‌ಇಬಿಎಯವರಿಗೆ ಇತಿಹಾಸ. ಮೂರರಲ್ಲೂ ಅಕೌಂಟೆನ್ಸಿ ಇದೆ, ಬಿ.ಕಾಂ.ಗೆ ಬೇಕಾಗಿರುವುದೂ ಅದೇ. ಎಲ್ಲರೂ ಬರೆಯದ ವಿಷಯವನ್ನು ಅಳತೆಗೋಲು ಮಾಡಲು ಆಗುವುದಿಲ್ಲ ಅಲ್ವಾ?

ಒಂದು ಲೆಕ್ಕ ನೋಡೋಣ. ಸಾಮಾನ್ಯ ವರ್ಗದಲ್ಲಿ ಉಳಿದಿರುವುದು ಒಂದೇ ಸೀಟು. 600ಕ್ಕೆ 541 ಪಡೆದವರು ಮೂವರು. ಮೊದಲನೆಯವಳಿಗೆ ಅಕೌಂಟೆನ್ಸಿಯಲ್ಲಿ 96, ಹುಟ್ಟಿದ್ದು 14-08-2007. ಎರಡನೆಯವಳಿಗೂ 96, ಹುಟ್ಟಿದ್ದು 03-11-2006. ಮೂರನೆಯವನಿಗೆ 94, ಹುಟ್ಟಿದ್ದು 22-02-2006. ಸೀಟು ಎರಡನೆಯವಳಿಗೆ. ಇಂಥ ಕಡೆ ಮೂರನೆಯವನ ತಂದೆ ಬಂದು ಕೇಳುವುದು ಸಹಜ: “ಮೇಡಂ, ಮೂವರಲ್ಲಿ ನಮ್ಮ ಹುಡುಗನೇ ದೊಡ್ಡವನು. ದೊಡ್ಡವರು ಮುಂದೆ ಅಂತ ನೋಟೀಸಿನಲ್ಲೇ ಇದೆಯಲ್ಲ?” “ಸಾರ್, ಅಕೌಂಟೆನ್ಸಿ ಅಂಕವೂ ಸಮ ಆದರೆ ಮಾತ್ರ ವಯಸ್ಸು ನೋಡೋದು. ನಿಮ್ಮ ಹುಡುಗ ಆ ಮೆಟ್ಟಿಲಿಗೆ ಬರಲೇ ಇಲ್ಲ” ಅನ್ನುತ್ತೇನೆ. ಆ ಎರಡನೆಯ ಹುಡುಗಿ 2ಎ ವರ್ಗದವಳಾಗಿದ್ದರೂ ಸಾಮಾನ್ಯ ಸೀಟು ಅವಳದೇ. 2ಎ ಸೀಟೊಂದು ಅವಳ ವರ್ಗದ ಬೇರೊಬ್ಬರಿಗೆ ಉಳಿಯುತ್ತದೆ.

ಇನ್ನು ಸುಳ್ಳು ಸಮ. ಸಿಬಿಎಸ್‌ಇಯಿಂದ ಬಂದವರಿಗೆ ಒಟ್ಟು 500 ಅಂಕ, ಹಾಗಾಗಿ ಶೇಕಡಾವಾರು ನೋಡಲೇಬೇಕು. 600ಕ್ಕೆ 541 ಅಂದರೆ 90.1667. 500ಕ್ಕೆ 451 ಅಂದರೆ 90.2. ಒಂದೇ ದಶಮಾಂಶಕ್ಕೆ ಸರಿಪಡಿಸಿದರೆ ಎರಡೂ 90.2! ಆಗ ಇಲ್ಲದ ಸಮಕ್ಕೆ ಅಕೌಂಟೆನ್ಸಿ ಅಂಕ ನೋಡಿ, ನಿಜವಾಗಿ ಮುಂದಿರುವವನನ್ನು ಹಿಂದೆ ತಳ್ಳಿದ ಹಾಗಾಗುತ್ತದೆ. ನಾನು ನಾಲ್ಕು ದಶಮಾಂಶ ಇಡುತ್ತೇನೆ.

ಎಕ್ಸೆಲ್‌ನಲ್ಲಿ B ಪಡೆದ ಅಂಕ, C ಗರಿಷ್ಠ ಅಂಕ, D ಶೇಕಡಾ, E ಅಕೌಂಟೆನ್ಸಿ, F ಜನ್ಮದಿನಾಂಕ. ಮೊದಲ ಸೂತ್ರ D ಕಾಲಂಗೆ. ಎರಡನೆಯದು ಪಕ್ಕದ ಖಾಲಿ ಕಾಲಂನಲ್ಲಿ, ವಯಸ್ಸು ನೋಡಿದ ಮೇಲೂ ಸಮವಾಗಿಯೇ ಉಳಿದವರನ್ನು ಹಿಡಿಯಲು:

```
=ROUND(B2/C2*100,4)
=COUNTIFS(D$2:D$200,D2,E$2:E$200,E2,F$2:F$200,F2)
```

ಎರಡನೆಯದರಲ್ಲಿ 1ಕ್ಕಿಂತ ಜಾಸ್ತಿ ಬಂದರೆ ಮಾತ್ರ ಅರ್ಜಿಯ ದಿನಾಂಕದ ಕೆಲಸ. ಆಮೇಲೆ Data > Sort ನಲ್ಲಿ Add Level ಒತ್ತುತ್ತಾ D ಮತ್ತು E ದೊಡ್ಡದರಿಂದ ಚಿಕ್ಕದಕ್ಕೆ, F ಹಳೆಯದರಿಂದ ಹೊಸದಕ್ಕೆ.

ಕೈಕೊಡುವುದು ಜನ್ಮದಿನಾಂಕ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 03/11/2006 ಅನ್ನು ಮಾರ್ಚ್ 11 ಅಂತ ಓದುತ್ತದೆ. 22/02/2006 ಅನ್ನು ತಾರೀಖು ಅಂತ ಗುರುತಿಸುವುದೇ ಇಲ್ಲ, ಬರೀ ಅಕ್ಷರವಾಗಿ ಎಡಕ್ಕೆ ಅಂಟಿಕೊಂಡಿರುತ್ತದೆ. ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಅನುಮಾನ ಪಡಿ. ಮೂಲ ಫೈಲಿನ ಕಾಲಂ ಅನ್ನು ಅಕ್ಷರವಾಗಿಯೇ ತಂದು, Text to Columns ನಲ್ಲಿ Date: DMY ಆರಿಸಿದರೆ ಸರಿಹೋಗುತ್ತದೆ. ಆದರೂ ಗೆರೆಯ ಅಕ್ಕಪಕ್ಕದವರ ತಾರೀಖನ್ನು ನಾನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೊತೆ ತಾಳೆ ನೋಡುತ್ತೇನೆ.

ವಯಸ್ಸಿನ ನಿಯಮ ಎಲ್ಲರಿಗೂ ಒಪ್ಪಿಗೆಯಾಗುವಂಥದ್ದಲ್ಲ. 2020ರ ನೀಟ್‌ನಲ್ಲಿ ಇಬ್ಬರಿಗೆ 720ಕ್ಕೆ 720 ಬಂದಾಗ ಹಿರಿಯನಾದ ಹುಡುಗನಿಗೆ ಮೊದಲ ರ‍್ಯಾಂಕ್, ಹುಡುಗಿಗೆ ಎರಡನೆಯದು ಸಿಕ್ಕಿತು. ಹುಟ್ಟಿದ ದಿನ ಓದಿನ ಅಳತೆ ಅಲ್ಲ, ನಿಜ. ಆದರೂ ಅರ್ಜಿಯ ದಿನಾಂಕಕ್ಕಿಂತ ವಾಸಿ. ಮನೆಯಲ್ಲಿ ನೆಟ್ ಇರುವವರು ಮೊದಲ ದಿನವೇ ತುಂಬುತ್ತಾರೆ, ಸೈಬರ್ ಸೆಂಟರ್‌ಗೆ ಪೇಟೆಗೆ ಬರಬೇಕಾದವರು ತಡ ಆಗುತ್ತಾರೆ. ಅದಕ್ಕೇ ಅದನ್ನು ಕಟ್ಟಕಡೆಗೆ ಇಟ್ಟಿದ್ದೇವೆ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಶುಲ್ಕ ಕಟ್ಟಿ ಅರ್ಜಿ ಪೂರ್ತಿ ಮಾಡಿದ ಸಮಯ. ಅರ್ಜಿ ಸಂಖ್ಯೆ ನೋಡಿದರೆ ಅರ್ಧಕ್ಕೆ ಬಿಟ್ಟು ಹೋದವರೂ ಮುಂದೆ ಬರುತ್ತಾರೆ.

ಪಟ್ಟಿ ಹಾಕುವಾಗ ಷರಾ ಕಾಲಂನಲ್ಲಿ ‘ಅಕೌಂಟೆನ್ಸಿಯಿಂದ’, ‘ವಯಸ್ಸಿನಿಂದ’ ಅಂತ ಬರೆಯುತ್ತೇನೆ, ಜನ್ಮದಿನಾಂಕ ಹಾಕುವುದಿಲ್ಲ. ಸೀಟು ಸಿಗದ ಇಬ್ಬರು ಅದೇ ಕ್ರಮದಲ್ಲಿ ಕಾಯುವ ಪಟ್ಟಿಗೆ ಹೋಗುತ್ತಾರೆ. ಯಾರಾದರೂ ಸೀಟು ಬಿಟ್ಟರೆ ಮತ್ತೆ ಸಾರ್ಟ್ ಮಾಡುವುದಿಲ್ಲ, 2007ರ ಹುಡುಗಿಗೆ ಫೋನ್ ಹೋಗುತ್ತದೆ.