ಹಳೆಯ ಲಿಸ್ಟಿಂಗನ್ನೇ ಉಳಿಸಿಕೊಂಡ ಬಗೆ

ವಿಜಯನಗರದ ಒಂದು ದಂತ ಚಿಕಿತ್ಸಾಲಯದ ಗೂಗಲ್ ಲಿಸ್ಟಿಂಗನ್ನು ನೋಡಿಕೊಳ್ಳಲು ನಾನು ಒಪ್ಪಿಕೊಂಡಾಗ, ಅದರ ಒಡೆತನ ಎಂದೋ ಕೆಲಸ ಬಿಟ್ಟುಹೋದ ಏಜೆನ್ಸಿಯೊಂದರ ಇಮೇಲ್‌ನಲ್ಲಿತ್ತು. ಕ್ಲಿನಿಕ್ ಬೇರೆ ಅಡ್ಡರಸ್ತೆಗೆ ಹೋಗಿದ್ದರೂ ಮ್ಯಾಪ್ ರೋಗಿಗಳನ್ನು ಹಳೆಯ ಕಟ್ಟಡಕ್ಕೇ ಕಳುಹಿಸುತ್ತಿತ್ತು. ಹೊಸ ಲಿಸ್ಟಿಂಗ್ ತೆರೆಯುವುದೇ ಸುಲಭವೆಂದು ಇದೇ ಕೆಲಸದ ಗೆಳೆಯರೆಲ್ಲ ಹೇಳಿದರು. ಹಳೆಯದರಲ್ಲಿದ್ದ ನೂರರ ಆಸುಪಾಸಿನ ರಿವ್ಯೂಗಳನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಹಳೆಯದರ ಒಡೆತನ ಕೇಳಲು `Request access` ಒತ್ತಿ ಕಾದೆ. ಹಳೆಯ ಒಡೆಯರಿಗೆ ಉತ್ತರಿಸಲು ಮೂರು ದಿನಗಳ ಗಡುವಿರುತ್ತದೆ; ಅವರು ಮೌನವಾಗಿದ್ದುದರಿಂದ ನಾವೇ ದೃಢೀಕರಣ ಮಾಡಿ ಪಡೆಯುವ ದಾರಿ ತೆರೆಯಿತು. ನಿಜವಾದ ತಲೆನೋವು ದೃಢೀಕರಣಕ್ಕೆ ಕಳುಹಿಸಬೇಕಾದ ವಿಡಿಯೋದ್ದು. ಮೊದಲನೆಯದರಲ್ಲಿ ಬೀದಿಯ ಹೆಸರೇ ಕಾಣಲಿಲ್ಲವೆಂದು ನನ್ನ ಊಹೆ. ರಾತ್ರಿ ತೆಗೆದ ಎರಡನೆಯದರಲ್ಲಿ ದೀಪದ ಹೊಳಪಿಗೆ ಬೋರ್ಡು ಬಿಳಿಯಾಯಿತು. ಎರಡೂ ತಿರಸ್ಕೃತವಾದವು. ಕಡೆಗೆ ಬೆಳಗಿನ ಬೆಳಕಿನಲ್ಲಿ, ರೆಕಾರ್ಡಿಂಗನ್ನು ಎಲ್ಲಿಯೂ ನಿಲ್ಲಿಸದೆ, ರಸ್ತೆಯ ಫಲಕದಿಂದ ಹೊರಟು ಬೋರ್ಡಿನ ಮುಂದೆ ತುಸು ನಿಂತು, ವೈದ್ಯರೇ ಬೀಗ ತೆಗೆದು ಒಳಗೆ ಹೋಗಿ ಚಿಕಿತ್ಸೆಯ ಕುರ್ಚಿಯನ್ನು ತೋರಿಸುವವರೆಗೆ ಒಂದೇ ಓಟದಲ್ಲಿ ಚಿತ್ರಿಸಿದೆವು. ಶೇಕಡಾ 60ರಷ್ಟು ಕನ್ನಡವಿರಬೇಕೆಂಬ ನಿಯಮದ ನಂತರ ಬೋರ್ಡಿನಲ್ಲಿ ಕನ್ನಡ ದೊಡ್ಡದು, ಇಂಗ್ಲಿಷ್ ಚಿಕ್ಕದು. ಲಿಸ್ಟಿಂಗಿನ ಹೆಸರು ಇಂಗ್ಲಿಷಿನಲ್ಲಿದ್ದುದರಿಂದ ಆ ಚಿಕ್ಕ ಸಾಲು ಓದಲು ಬರುವಷ್ಟು ಹತ್ತಿರ ಹೋಗಬೇಕಾಯಿತು. ಈ ಬಾರಿ ಒಪ್ಪಿಗೆ ಸಿಕ್ಕಿತು.

ಆಮೇಲೆ ವಿಳಾಸ ಬದಲಿಸಿದೆ, ರಿವ್ಯೂಗಳು ಹಾಗೆಯೇ ಉಳಿದವು. ಹಿಂದಿನವರು ಹೆಸರಿನ ಬಾಲಕ್ಕೆ ‘ಬೆಸ್ಟ್ ಡೆಂಟಿಸ್ಟ್’ ಎಂದು ಕಟ್ಟಿದ್ದರು. ಬೋರ್ಡಿನಲ್ಲಿಲ್ಲದ ಪದ ಹೆಸರಿನಲ್ಲಿದ್ದರೆ ಲಿಸ್ಟಿಂಗ್ ಅಮಾನತಾಗಬಹುದಾದ್ದರಿಂದ ಅದನ್ನು ಕಿತ್ತುಹಾಕಿದೆ. ಕರೆಗಳು ಕಡಿಮೆಯಾಗುತ್ತವೆಂದು ವೈದ್ಯರು ಕಳವಳಪಟ್ಟರು. ಮೊದಲ ಎರಡು ವಾರ ತುಸು ಇಳಿದು, ಆಮೇಲೆ ತಿಂಗಳಿಗೆ ಇಪ್ಪತ್ತೈದರಷ್ಟಿದ್ದ ಕರೆಗಳು ನಲವತ್ತನ್ನು ದಾಟಿದವು. ಇದಕ್ಕೆ ವಿಳಾಸ ಸರಿಯಾದದ್ದೇ ಮುಖ್ಯ ಕಾರಣವೆಂದು ನನ್ನ ಲೆಕ್ಕ. ಹೊಸದಾಗಿ ಎಲ್ಲವನ್ನೂ ಕಟ್ಟಿಕೊಡಲು ಇನ್ನೊಬ್ಬರು ಹದಿನೈದು ಸಾವಿರ ಕೇಳಿದ್ದರಂತೆ. ನಾನು ಪಡೆದದ್ದು ಆರು ಸಾವಿರ, ಮೇಲೆ ತಿಂಗಳಿಗೆ ಎರಡು ಸಾವಿರ.

ಇದೇ ಹೊತ್ತಿನಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿರುವ ಟ್ಯೂಷನ್ ಕೇಂದ್ರಕ್ಕೂ ಒಂದು ಪ್ರಯೋಗ ಮಾಡಿದೆ. ರ‍್ಯಾಂಕ್ ಪಡೆದ ಮಕ್ಕಳ ಪೋಸ್ಟರಿನ ಬದಲು ಬೇಕರಿ ಪಕ್ಕದ ಮೆಟ್ಟಿಲಿನ ಫೋಟೋವನ್ನು ಮುಂದಿಟ್ಟೆ. ‘ಎಲ್ಲಿ ಬರತ್ತೆ ಸರ್?’ ಎಂಬ ಕರೆಗಳು ಬಹುಪಾಲು ನಿಂತವು, ದಾಖಲಾತಿ ಹೆಚ್ಚಿತೆಂದು ಮಾತ್ರ ಹೇಳಲಾರೆ.

ರಿವ್ಯೂಗೆ ರಿಯಾಯಿತಿ ಕೊಡುವುದು ನಿಯಮಬಾಹಿರವಾದ್ದರಿಂದ ನಾನು ಅದರ ತಂಟೆಗೆ ಹೋಗುವುದಿಲ್ಲ. ರೋಗಿಯನ್ನು ಯಾವ ಗಳಿಗೆಯಲ್ಲಿ, ಯಾವ ಮಾತಿನಲ್ಲಿ ರಿವ್ಯೂ ಕೇಳಿಸುತ್ತೇನೆಂಬುದು ನನ್ನ ಹೊಟ್ಟೆಪಾಡಿನ ಗುಟ್ಟು. ಈಗ ಪ್ರತಿ ಗ್ರಾಹಕರಿಗೂ ನನ್ನ ಷರತ್ತು ಒಂದೇ: ಒಡೆತನ ಅವರದೇ ಇಮೇಲ್‌ನಲ್ಲಿರಬೇಕು, ನಾನು ಮ್ಯಾನೇಜರ್ ಮಾತ್ರ.