ಪಾಲಿ ಹರಿಯುವ ತನಕ ಕಾಯಬೇಡಿ

ಕಲಬುರಗಿಯಲ್ಲಿ ಟೆನಿಸ್ ರ‍್ಯಾಕೆಟ್‌ಗೆ ಸ್ಟ್ರಿಂಗ್ ಹಾಕುವುದಕ್ಕೆ ಈಗಲೂ ಗಟ್ಟಿಂಗ್ ಅಂತಲೇ ಹೇಳುತ್ತೇವೆ. ಆದರೆ ದನದ ಕರುಳಿನಿಂದ ಮಾಡುವ ನ್ಯಾಚುರಲ್ ಗಟ್ ನನ್ನ ಮಷಿನ್ ಮೇಲೆ ಬರುವುದು ಅಪರೂಪ. ಹೆಚ್ಚಿನವರು ಮಲ್ಟಿಫಿಲಮೆಂಟ್ ಬೇಗ ಹರಿಯುತ್ತದೆ ಅಂತ ಪಾಲಿಯೆಸ್ಟರ್ ಹಾಕಿಸುತ್ತಾರೆ, ಎರಡು ತಿಂಗಳಿಗೆ ಮೊಣಕೈ ನೋವು ಅಂತ ಬರುತ್ತಾರೆ.

ಒಬ್ಬ ಕಾಲೇಜು ಹುಡುಗನ ರ‍್ಯಾಕೆಟ್ ಉದ್ದಕ್ಕೆ 16, ಅಡ್ಡಕ್ಕೆ 19 ಸ್ಟ್ರಿಂಗ್ ಬರುವ ಪ್ಯಾಟರ್ನಿನದು. ಮಲ್ಟಿ ಹಾಕಿದ್ದ 55 ಪೌಂಡ್ ಟೆನ್ಷನ್‌ಗೇ, ಅಂದರೆ ಅದೇ ಬಿಗಿತಕ್ಕೆ, ಪಾಲಿ ಹಾಕಿಸಿಕೊಂಡಿದ್ದ. ಅಲ್ಲೇ ತಪ್ಪು. ಮಲ್ಟಿಯಲ್ಲಿ ನೂರಾರು ಸಣ್ಣ ನೈಲಾನ್ ಎಳೆಗಳಿರುತ್ತವೆ, ಚೆಂಡು ಬಡಿದಾಗ ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತವೆ. ಪಾಲಿ ಒಂದೇ ಗಟ್ಟಿ ಎಳೆ, ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ನಾನು ಪಾಲಿಗೆ ನಾಲ್ಕೈದು ಪೌಂಡ್ ಇಳಿಸುತ್ತೇನೆ.

ಸ್ಪಿನ್ ಬರುವುದು ಪಾಲಿಯ ನುಣುಪಿನಿಂದ. ಚೆಂಡು ತಾಗಿದಾಗ ಉದ್ದದ ಸ್ಟ್ರಿಂಗ್ ಪಕ್ಕಕ್ಕೆ ಜಾರಿ, ತಟ್ಟನೆ ಜಾಗಕ್ಕೆ ಮರಳುವಾಗ ಚೆಂಡನ್ನು ತಿರುಗಿಸುತ್ತದೆ. ಮಲ್ಟಿ ಜಾರಿದಲ್ಲೇ ನಿಲ್ಲುತ್ತದೆ, ಬೆರಳಿಂದ ಸರಿಪಡಿಸಬೇಕು. ಪಾಲಿಯೂ ಹಾಗೆ ನಿಲ್ಲತೊಡಗಿದರೆ ಅದರ ಕೆಲಸ ಮುಗಿಯಿತು ಅಂತ ಲೆಕ್ಕ. ಅಡ್ಡ ಸ್ಟ್ರಿಂಗ್ ಕೊರೆದ ಗೀರು ಉಗುರಿಗೆ ಸಿಗುತ್ತದೆ, ಉದ್ದದ ಸ್ಟ್ರಿಂಗ್ ಆ ಗೀರಿಗೆ ಸಿಕ್ಕಿಕೊಳ್ಳುತ್ತದೆ. ಟೆನ್ಷನ್ ಅದಕ್ಕೂ ಮೊದಲೇ ಇಳಿದಿರುತ್ತದೆ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ. ಬಾಗಿಲು ಹಾಕಿದ ಕಾರಿನಲ್ಲಿ ರ‍್ಯಾಕೆಟ್ ಬಿಟ್ಟರೆ ಇನ್ನೂ ಬೇಗ ಇಳಿಯುತ್ತದೆ.

“ಹರದೇ ಇಲ್ಲಲ್ರೀ ಅಣ್ಣಾ, ಯಾಕ್ ತೆಗೀತೀರಿ?” ಅಂದ ಆ ಹುಡುಗ. ಎರಡು ತಿಂಗಳು ಅದರಲ್ಲೇ ಆಡಿದ್ದ. ಚೆಂಡು ಒಮ್ಮೆ ಬೇಲಿಗೆ, ಒಮ್ಮೆ ನೆಟ್ಟಿಗೆ. ಜೋರಾಗಿ ಹೊಡೆಯುವವರಿಗೆ ಪಾಲಿ ಹದಿನೈದು ಗಂಟೆ ಆಟಕ್ಕೆ ಸಾಕು, ಆಮೇಲೆ ಕತ್ತರಿಸಿ ತೆಗೆಯಬೇಕು.

ಅವನಿಗೆ ಹೈಬ್ರಿಡ್ ಹಾಕಿದೆ. 12 ಮೀಟರಿನ ಎರಡು ಸೆಟ್ ಅರ್ಧ ಮಾಡಿ, ಉದ್ದಕ್ಕೆ 1.25 ಮಿಲಿಮೀಟರ್ ದುಂಡನೆಯ ಪಾಲಿ 49 ಪೌಂಡಿಗೆ, ಅಡ್ಡಕ್ಕೆ 1.30ರ ಮಲ್ಟಿ 52ಕ್ಕೆ. ಗಂಟು ನಾಲ್ಕು ಬೀಳುತ್ತವೆ. ಅಡ್ಡದ್ದನ್ನು ತಲೆಯ ಕಡೆಯಿಂದ ಶುರು ಮಾಡಿ ಹಿಡಿಯ ಕಡೆಗೆ ನೇಯುತ್ತೇನೆ. ಮಲ್ಟಿಯನ್ನು ರಭಸದಿಂದ ಎಳೆದರೆ ಪಾಲಿಯ ಮೇಲೆ ಒಂದೇ ಕಡೆ ಉಜ್ಜಿ ಸುಡುತ್ತದೆ. ಎಳೆಯುವಾಗ ಅದನ್ನು ಬಿಲ್ಲಿನಂತೆ ಬಾಗಿಸಿ, ಉಜ್ಜುವ ಜಾಗ ಬದಲಾಗುತ್ತಾ ಇರುವಂತೆ ನೋಡಿಕೊಳ್ಳಬೇಕು. ಈ ಜೋಡಿಯಲ್ಲಿ ಮೊದಲು ನಾರು ಬಿಟ್ಟು ಹರಿಯುವುದು ಸಾಮಾನ್ಯವಾಗಿ ಮಲ್ಟಿಯೇ. ಮೊಣಕೈಗೆ ಅದು ಒಳ್ಳೆಯದೇ, ಸತ್ತ ಪಾಲಿಯಲ್ಲಿ ಆಡುವುದು ತಾನಾಗಿಯೇ ತಪ್ಪುತ್ತದೆ. ನೋವು ಪೂರ್ತಿ ಇಳಿಯದಿದ್ದರೆ ಪಾಲಿಯನ್ನೇ ಬಿಡಿಸಿ ಎರಡೂ ಕಡೆ ಮಲ್ಟಿ ಹಾಕುತ್ತೇನೆ.

ದುಡ್ಡಿದ್ದವರಿಗೆ ಉದ್ದಕ್ಕೆ ನ್ಯಾಚುರಲ್ ಗಟ್, ಅಡ್ಡಕ್ಕೆ ನುಣುಪಾದ ಪಾಲಿ. ಗಟ್‌ನಷ್ಟು ಮೆತ್ತಗೆ ಹಿಗ್ಗಿ, ಟೆನ್ಷನ್ ಹಿಡಿದಿಡುವ ಸ್ಟ್ರಿಂಗ್ ಬೇರೊಂದಿಲ್ಲ. ಮೂಲೆ ಇರುವ ಪಾಲಿ ಮಾತ್ರ ಬೇಡ, ಗಟ್ಟನ್ನು ಗರಗಸದಂತೆ ಕೊಯ್ಯುತ್ತದೆ. ಸುರುಳಿ ಬಿಚ್ಚುವಾಗ ಮಡಿಕೆ ಬಿದ್ದರೂ ಗಟ್ ಅಲ್ಲೇ ತುಂಡಾಗುತ್ತದೆ. ನಮ್ಮ ಒಣ ಬಿಸಿಲು ಅದಕ್ಕೆ ಸರಿ, ಆದರೆ ಮಳೆಗಾಲದ ತೇವ ತಾಗಿದರೆ ಎಳೆ ಬಿಚ್ಚಿಕೊಳ್ಳುತ್ತದೆ. ಜುಲೈಯಿಂದ ಸೆಪ್ಟೆಂಬರ್ ತನಕ ಯಾರಿಗೂ ನಾನು ಗಟ್ ಹಾಕುವುದಿಲ್ಲ.