ಇಳಿಯದ ಬಿಪಿ, ನಿಲ್ಲುವ ಉಸಿರು: ಕೊಡಗಿನಲ್ಲಿ ಮನೆಯಲ್ಲೇ ನಿದ್ರಾ ಪರೀಕ್ಷೆ ಮಾಡಿದ ನನ್ನ ಅನುಭವ

ಮೂರು ಮಾತ್ರೆ ನುಂಗಿಯೂ ಬಿಪಿ ಇಳಿಯದವರು ಬಂದರೆ, ನಾಲ್ಕನೆಯದನ್ನು ಬರೆಯುವ ಮೊದಲು ನಾನು ಅವರ ಮನೆಯವರನ್ನು ಒಳಗೆ ಕರೆಯುತ್ತೇನೆ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಅಪ್ನಿಯಾ ಇದೆಯೇ ಎಂದು ತಿಳಿಯಬೇಕು. ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಗೊತ್ತಿರುವುದಿಲ್ಲ, ಅಲ್ವಾ?

ಗೋಣಿಕೊಪ್ಪದ ಕಡೆಯ ಒಬ್ಬ ಕಾಫಿ ಬೆಳೆಗಾರರು. ಐವತ್ತು ದಾಟಿದವರು, ಕತ್ತಿನ ಸುತ್ತಳತೆ ಸುಮಾರು 43 ಸೆಂ.ಮೀ. ಮೂತ್ರ ಹೆಚ್ಚಿಸುವ ಡೈಯೂರೆಟಿಕ್ ಸೇರಿ ಮೂರು ಔಷಧಿ ತಪ್ಪದೆ ತೆಗೆದುಕೊಂಡರೂ ಬಿಪಿ 160/100ರ ಆಸುಪಾಸು. ಹಗಲು ಜೀಪು ಓಡಿಸುವಾಗಲೇ ತೂಕಡಿಕೆ. ಅವರ ಹೆಂಡತಿ ಹೇಳಿದ್ದು ಇಷ್ಟು: "ಡಾಕ್ಟ್ರೇ, ಗೊರಕೆಗೆ ನನಗೆ ಭಯ ಇಲ್ಲ. ಅದು ನಿಂತಾಗ ಭಯ. ಉಸಿರು ವಾಪಸ್ ಬರೋವರೆಗೆ ಕೂತು ನೋಡ್ತಾ ಇರ್ತೀನಿ."

ಇಂಥವರನ್ನು ಮೈಸೂರಿಗೋ ಮಂಗಳೂರಿಗೋ ಕಳಿಸುವುದು ಇಲ್ಲಿನ ರೂಢಿ. ಚೀಟಿ ತೆಗೆದುಕೊಂಡು ಹೋದವರಲ್ಲಿ ಹೆಚ್ಚಿನವರು ಪರೀಕ್ಷೆ ಮಾಡಿಸುತ್ತಿರಲಿಲ್ಲ. ಕೊಯ್ಲು, ಮಳೆ, ಮದುವೆ, ಏನಾದರೊಂದು ಅಡ್ಡಬರುತ್ತಿತ್ತು. ಹಾಗಾಗಿ ಮನೆಯಲ್ಲೇ ಕಟ್ಟಿಕೊಂಡು ಮಲಗುವ ಮಷೀನ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ. ಒಂದೂಕಾಲು ಲಕ್ಷದ ಹತ್ತಿರ ಆಯಿತು. "ತೋಟದ ಮನೆಯಲ್ಲಿ ಯಾರು ಅದನ್ನ ಕಟ್ಕೊಂಡು ಮಲಗ್ತಾರೆ?" ಎಂದು ಜೊತೆಯ ವೈದ್ಯರು ಕೇಳಿದರು.

ಶುರುವಿನಲ್ಲಿ ರೆಕಾರ್ಡಿಂಗ್‌ಗಳು ಒಂದರ ಹಿಂದೊಂದು ಹಾಳಾದವು. ಉಸಿರಿನ ಗಾಳಿ ಅಳೆಯಲು ಮೂಗಿಗೆ ಸಿಕ್ಕಿಸುವ ಕೊಳವೆ, ಅಂದರೆ ಕ್ಯಾನುಲಾ, ಜಾರುತ್ತಿತ್ತು. ಮಳೆಗಾಲದ ಚಳಿಗೆ ಬೆರಳು ತಣ್ಣಗಾಗಿ ಆಕ್ಸಿಜನ್ ಸಿಗ್ನಲ್ಲೇ ಮಾಯ. ನಾಲ್ಕು ಗಂಟೆಯಾದರೂ ಶುದ್ಧ ರೆಕಾರ್ಡಿಂಗ್ ಇಲ್ಲದಿದ್ದರೆ ಆ ರಾತ್ರಿ ದಂಡ. ಕ್ಯಾನುಲಾ, ಟೇಪು, ಮಷೀನ್ ಮನೆಗೆ ಮುಟ್ಟಿಸುವ ಹುಡುಗನ ಪೆಟ್ರೋಲು ಎಲ್ಲ ನನ್ನ ಜೇಬಿನಿಂದ. ಬೆರಳಿಗೆ ಉಣ್ಣೆಯ ಗ್ಲೌಸ್ ಹಾಕಿಸಿದ ಮೇಲೆ ಅರ್ಧ ತೊಂದರೆ ಹೋಯಿತು. ಕ್ಯಾನುಲಾ ಜಾರದಂತೆ ಟೇಪು ಹಚ್ಚುವ ನನ್ನದೇ ಒಂದು ಕ್ರಮ ಇದೆ, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಈಗ ಹತ್ತರಲ್ಲಿ ಎಂಟೊಂಬತ್ತು ರೆಕಾರ್ಡಿಂಗ್ ಮೊದಲ ರಾತ್ರಿಯೇ ಸರಿ ಬರುತ್ತವೆ. ಇಲ್ಲಿ ಇಷ್ಟು ಚೆನ್ನಾಗಿ ಬರಬಹುದು ಎಂದು ಯಾರೂ ನಂಬಿರಲಿಲ್ಲ.

ಬೆಳೆಗಾರರ ರೆಕಾರ್ಡಿಂಗ್ ಆರೂವರೆ ಗಂಟೆ ಬಂತು. ಸಾಫ್ಟ್‌ವೇರ್ ಕೊಟ್ಟ ಲೆಕ್ಕವನ್ನು ನಾನು ಹಾಗೇ ಒಪ್ಪುವುದಿಲ್ಲ, ಪರದೆ ಪರದೆಯಾಗಿ ಕೂತು ನೋಡುತ್ತೇನೆ. ಮೂಗಿನ ಗಾಳಿಯ ಗೆರೆ ಸಪಾಟಾಗುತ್ತದೆ. ಎದೆ ಮತ್ತು ಹೊಟ್ಟೆಯ ಬೆಲ್ಟುಗಳು ಮಾತ್ರ ಅಲುಗಾಡುತ್ತಲೇ ಇರುತ್ತವೆ, ಅದೂ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಅಂದರೆ ಗಂಟಲು ಮುಚ್ಚಿದೆ, ದೇಹ ಎಳೆಯುತ್ತಲೇ ಇದೆ. ಬೆಲ್ಟುಗಳೂ ಸುಮ್ಮನಿದ್ದರೆ ಅದು ಉಸಿರೆಳೆಯಲು ಮೆದುಳೇ ಹೇಳದ ಸೆಂಟ್ರಲ್ ಅಪ್ನಿಯಾ, ಅದರ ದಾರಿಯೇ ಬೇರೆ. ಆಮೇಲೆ ಒಮ್ಮೆಲೇ ದೊಡ್ಡ ಉಸಿರು, ನಾಡಿ ಏರುತ್ತದೆ. ಆಕ್ಸಿಜನ್ ಇಳಿತ ಬೆರಳಿನಲ್ಲಿ ಕಾಣಲು ಕೆಲವು ಸೆಕೆಂಡು ತಡವಾಗುತ್ತದೆ, ಅದಕ್ಕೇ ಅದು ಗಾಳಿಯ ಗೆರೆಗೆ ಸರಿಯಾಗಿ ಕೂರುವುದಿಲ್ಲ. ಇವರಿಗೆ ಗಂಟೆಗೆ ಸುಮಾರು 44 ಸಲ ಹೀಗೆ ಆಗುತ್ತಿತ್ತು. 30 ದಾಟಿದರೆ ತೀವ್ರ. ಆಕ್ಸಿಜನ್ ಶೇ 71ರವರೆಗೆ ಇಳಿದಿತ್ತು.

ಬಿಪಿ ಯಾಕೆ ಇಳಿಯುತ್ತಿರಲಿಲ್ಲ ಎಂಬುದು ಅದೇ ಪರದೆಯಲ್ಲಿತ್ತು. ಪ್ರತಿ ಸಲ ಉಸಿರು ಕಟ್ಟಿ ಆಕ್ಸಿಜನ್ ಇಳಿದಾಗ ಅಪಾಯದ ಹೊತ್ತಿಗೆ ದೇಹವನ್ನು ಎಚ್ಚರಿಸುವ ಸಿಂಪಥೆಟಿಕ್ ನರಗಳು ಕೆರಳಿ ರಕ್ತನಾಳಗಳು ಬಿಗಿಯುತ್ತವೆ, ಉಸಿರು ಮರಳುವ ಹೊತ್ತಿಗೆ ಬಿಪಿ ಜಿಗಿಯುತ್ತದೆ. ರಾತ್ರಿ ಇಳಿಯಬೇಕಾದ ಬಿಪಿ ಇಳಿಯುವುದೇ ಇಲ್ಲ. ಆ ಬಿಗಿತ ಬೆಳಗಾದರೂ ಪೂರ್ತಿ ಸಡಿಲವಾಗುವುದಿಲ್ಲ. ಅದರ ಜೊತೆಗೆ ಆಲ್ಡೋಸ್ಟೆರಾನ್ ಎಂಬ ಹಾರ್ಮೋನು ಜಾಸ್ತಿಯಾಗಿ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ. ನಿದ್ದೆ ಚೂರುಚೂರಾಗುವುದರಿಂದ ಹಗಲಿನ ತೂಕಡಿಕೆ.

ನಡುವೆ ಬರೀ ಪಲ್ಸ್ ಆಕ್ಸಿಮೀಟರ್ ಕಟ್ಟಿ ರಾತ್ರಿಯಿಡೀ ನೋಡಿದ್ದೂ ಉಂಟು. ತೀವ್ರ ಇರುವವರಲ್ಲಿ ಗೆರೆ ಗರಗಸದ ಹಲ್ಲಿನಂತೆ ಬರುತ್ತದೆ. ಆದರೆ ತೆಳ್ಳಗಿನವರಲ್ಲಿ ಆಕ್ಸಿಜನ್ ಅಷ್ಟು ಇಳಿಯದೆಯೇ ಎಚ್ಚರವಾಗುತ್ತದೆ, ಅಂಥವರು ತಪ್ಪಿಹೋಗುತ್ತಾರೆ. ಅಂಗಿಯ ಬೆನ್ನಿಗೆ ಟೆನಿಸ್ ಚೆಂಡು ಹೊಲಿಸಿದ್ದು ಅಂಗಾತ ಮಲಗಿದಾಗ ಮಾತ್ರ ತೊಂದರೆ ಇದ್ದ ಕೆಲವರಿಗೆ ನೆರವಾಯಿತು.

ಬೆಳೆಗಾರರು 45 ಸಾವಿರದ ಹತ್ತಿರ ಕೊಟ್ಟು, ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಸಿಪ್ಯಾಪ್ ಮಷೀನ್ ತೆಗೆದುಕೊಂಡರು. ರಾತ್ರಿಯ ಪೆಗ್ಗೂ ನಿಂತಿತು. ಮೂರು ತಿಂಗಳ ಹೊತ್ತಿಗೆ ಬಿಪಿ 136/84ಕ್ಕೆ ಬಂತು, ಒಂದು ಮಾತ್ರೆ ತೆಗೆದೆ. ಎಲ್ಲರಿಗೂ ಇಷ್ಟು ಸಿಗುವುದಿಲ್ಲ. ಸಿಪ್ಯಾಪ್‌ನಿಂದ ಸರಾಸರಿ ಇಳಿಯುವುದು ಎರಡು ಮೂರು ಪಾಯಿಂಟು ಮಾತ್ರ. ಮಾತ್ರೆಗೆ ಬಗ್ಗದ ಬಿಪಿ ಇದ್ದು, ರಾತ್ರಿ ನಾಲ್ಕು ಗಂಟೆಗಿಂತ ಜಾಸ್ತಿ ಹಾಕಿಕೊಳ್ಳುವವರಲ್ಲಿ ಲಾಭ ಹೆಚ್ಚು. ಮಳೆಗಾಲದಲ್ಲಿ ಕರೆಂಟು ಹೋದರೆ ಸಿಪ್ಯಾಪ್ ನಿಲ್ಲುತ್ತದೆ, ಹಾಗಾಗಿ ಇನ್ವರ್ಟರ್ ಮೊದಲೇ ಹಾಕಿಸಲು ಹೇಳುತ್ತೇನೆ.

ಹಾರ್ಟ್ ಫೇಲ್ಯೂರ್, ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಜೋರಾಗಿರುವವರು, ಓಪಿಯಾಯ್ಡ್ ಜಾತಿಯ ನೋವಿನ ಮಾತ್ರೆ ನುಂಗುವವರು, ಇವರಿಗೆ ನಾನು ಈ ಪರೀಕ್ಷೆಯ ಮಷೀನ್ ಕಟ್ಟುವುದಿಲ್ಲ. ಇದಕ್ಕೆ ಮೆದುಳಿನ ಅಲೆ ನೋಡಿ ನಿದ್ದೆ ಗುರುತಿಸುವ ತಂತಿ ಇಲ್ಲ, ಎಚ್ಚರವಿದ್ದ ಹೊತ್ತನ್ನೂ ನಿದ್ದೆಯೆಂದೇ ಭಾಗಿಸಿ ಲೆಕ್ಕ ಕಡಿಮೆ ತೋರಿಸುತ್ತದೆ. ಆದ್ದರಿಂದ ಲಕ್ಷಣ ಜೋರಾಗಿದ್ದು ರಿಪೋರ್ಟ್ ನಾರ್ಮಲ್ ಬಂದವರನ್ನು ಈಗಲೂ ಘಟ್ಟ ಇಳಿಸಿ ಪೂರ್ತಿ ಪರೀಕ್ಷೆಗೆ ಕಳಿಸುತ್ತೇನೆ.